ಬಣ್ಣ ಹಂಚಿದ ಸಂಸಾರ

ಪೀತಮ್‌ಪುರದ ನಮ್ಮ ಫ್ಲ್ಯಾಟಿನಲ್ಲಿ ಮನೆಯಾಕೆ ಬಣ್ಣ ಹಂಚಿದಳು: ನನಗೆ ನೀಲಿ, ಅವಳಿಗೆ ಹಳದಿ, ಮಗಳಿಗೆ ಕೆಂಪು, ಮಗನಿಗೆ ಹಸಿರು. ಟವೆಲ್, ಡಬ್ಬಿ, ಮಕ್ಕಳ ಕೆಲಸದ ಪಟ್ಟಿ, ಎಲ್ಲಕ್ಕೂ ಅದೇ ಕಾನೂನು.

ಮೊದಲ ಒಗೆತಕ್ಕೇ ಕೆಂಪು ಟವೆಲ್ ಬಣ್ಣ ಬಿಟ್ಟು ಹಳದಿಯದು ಕಿತ್ತಳೆಯಾಯಿತು; ಅದಕ್ಕೆ ವಾರಸುದಾರರೇ ಇಲ್ಲ! ಈಗ ಟವೆಲ್‌ಗಳೆಲ್ಲ ಬಿಳಿ, ಮೂಲೆಯಲ್ಲಷ್ಟೇ ಬಣ್ಣ ಬಿಡದ ದಾರದ ಕುಣಿಕೆ. ಮುಚ್ಚಳಗಳು ಅದಲುಬದಲಾಗುವುದರಿಂದ ಚೀಟಿಗಳು ಡಬ್ಬಿಯ ಮೈಗೇ ಅಂಟಿದವು.

ಗಿಡಕ್ಕೆ ನೀರು ಹಾಕುವ ಸರದಿ ಬಂದಾಗ ಮಗ, “ಕೆಂಪು-ಹಸಿರು ಒಂದೇ ಥರ ಕಾಣುತ್ತಪ್ಪ” ಎಂದ. ಕೆಲವು ಹುಡುಗರಿಗೆ ಅದು ಹುಟ್ಟಿನಿಂದಲೇ ನಿಜ. ಕಣ್ಣಿನ ಡಾಕ್ಟರು ಇಶಿಹಾರ ಚುಕ್ಕಿಚಿತ್ರ ತೋರಿಸಿದರೆ, ಇವನು ಅಂಕಿಗಳನ್ನೆಲ್ಲ ಸರಾಗವಾಗಿ ಓದಿದ!

ಆದರೂ ನೀವು ಪಟ್ಟಿ ಮಾಡುವಾಗ ಬಣ್ಣದ ಜೊತೆಗೊಂದು ಚಿತ್ರವನ್ನೂ ಬರೆಯಿರಿ. ತೊಂದರೆ ಇರುವವರಿಗೆ ದಾರಿ, ಇಲ್ಲದವರಿಗೆ ನೆಪವಿಲ್ಲ.