ಕ್ಯಾಮೆರಾ ಮುಂದೆ ಅರಿಸಿನದ ಫೌಂಡರ್

ಸ್ಟಾರ್ಟಪ್ ಅಂದರೆ ಕೋರಮಂಗಲದಲ್ಲೇ ಹುಟ್ಟಬೇಕೆಂದು ಯಾರೂ ಶಾಸನ ಬರೆದಿಲ್ಲ. ನಮ್ಮ ಕುದೇರಿನಲ್ಲೂ ಒಂದು ಹುಟ್ಟಿದೆ, ಅಕ್ಕನ ಮಗನ ತಲೆಯಲ್ಲಿ. ಅರಿಸಿನ ಬೇಯಿಸಿ, ಒಣಗಿಸಿ, ಪುಡಿ ಮಾಡಿ, ಪೊಟ್ಟಣ ಕಟ್ಟಿ ಕೊರಿಯರ್ ಮಾಡುತ್ತಾನೆ. ಸಿಬ್ಬಂದಿ ಅಂದರೆ ಅವನು, ಅವನ ಹೆಂಡತಿ, ನಮ್ಮಕ್ಕ; ಪದವಿ ಮಾತ್ರ ಫೌಂಡರ್. ಫೌಂಡರ್ ಆದಮೇಲೆ ಕ್ಯಾಮೆರಾ ನೋಡಿಕೊಂಡು ಮಾತಾಡುವ ವಿಡಿಯೊ ಬೇಡವೇ?

ಬರೆದುಕೊಂಡು ಬಂದು ನಿಂತ. “ವೀಕ್ಷಕರೇ, ಗ್ರಾಹಕರಿಗೆ ಅತ್ಯುತ್ತಮ ಗುಣಮಟ್ಟದ ನೈಸರ್ಗಿಕ ಉತ್ಪನ್ನಗಳನ್ನು ಕೈಗೆಟಕುವ ದರದಲ್ಲಿ ಒದಗಿಸುವ ಉದಾತ್ತ ಧ್ಯೇಯದೊಂದಿಗೆ ನಮ್ಮ ಸಂಸ್ಥೆಯು…” ಅಷ್ಟರಲ್ಲಿ ಉಸಿರು ಮುಗಿಯಿತು, ಕ್ರಿಯಾಪದ ಇನ್ನೂ ಬಂದಿರಲಿಲ್ಲ. ಆಗಸ್ಟ್ ಹದಿನೈದಕ್ಕೆ ಭಾಷಣ ಬಾಯಿಪಾಠ ಮಾಡಿ ನಿಂತ ಹುಡುಗನ ಹಾಗೆ ಕೈ ಎರಡೂ ತೊಡೆಗೆ ಅಂಟಿದ್ದವು. ಕಣ್ಣು ಎಡದಿಂದ ಬಲಕ್ಕೆ ಓಡುತ್ತಿತ್ತು. ಫೋನಿನ ಪಕ್ಕ ಚೀಟಿ ಅಂಟಿಸಿಕೊಂಡಿದ್ದಾನೆಂದು ನೋಡಿದವರಿಗೆಲ್ಲ ತಿಳಿಯುವಂತಿತ್ತು.

“ಮಾವ, ನೀವೇ ಏನಾರ ಬರ್ಕೊಡಿ” ಅಂದ. ನಾನು ಬರೆದರೆ ಅದು ನನ್ನ ಮಾತಾಗುತ್ತದೆ, ಅವನ ಬಾಯಿಗೆ ಅದೂ ಬಾಯಿಪಾಠವೇ. ಹಾಗಾಗಿ ಚೀಟಿ ಕಿತ್ತುಕೊಂಡೆ. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಜಗಲಿ ಮೇಲಿಟ್ಟು ಕೇಳಿದೆ: “ಅಲ್ಲಯ್ಯ, ಅಂಗಡೀಲಿ ಇದರ ಅರ್ಧ ದುಡ್ಡಿಗೆ ಅರಿಸಿನ ಸಿಗುತ್ತೆ. ನಿನ್ನದನ್ನು ಯಾಕೆ ತಗೋಬೇಕು?”

ಸಿಟ್ಟು ಬಂತು, ಬಾಯಿ ಬಿಚ್ಚಿತು. “ಬಿಟ್ಟಿ ಬತ್ತದಾ ಮಾವ? ಐದು ಕೆಜಿ ಹಸಿ ಅರ್ಸ್ನ ಬೇಯಿಸಿ ಒಣಗಿಸುದ್ರ ಒಂದ್ ಕೆಜಿ ಬತ್ತದ, ಅಷ್ಟೇಯ. ಹತ್ತು ಹದಿನೈದು ದಿನ ಒಣಗಬೇಕು ಬಿಸಿಲಲ್ಲಿ. ಲೋಟ ನೀರ್ಗ ಒಂದ್ ಚಮಚ ಹಾಕ್ ನೋಡಿ. ಅಲ್ಲಾಡಿಸ್ಬೇಡಿ. ತಳಕ್ಕ ಕೂತ್ಕಂಡು ನೀರು ತಿಳಿ ಹಳದಿಯಾದ್ರ ಸರಿ. ನೀರೆಲ್ಲ ಗಾಢ ಹಳದಿ ಬಣ್ಣ ಬಿಟ್ರ ಆಗ ಕೇಳಿ ನನ್ನ.”

ಸ್ಕ್ರಿಪ್ಟ್ ಮುಗಿಯಿತು ಅಂದೆ. ಅವನು ನಂಬಲಿಲ್ಲ.

ಅವನಾಡಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡು, ಬರೀ ಕತ್ತರಿಸಿದೆವು. ಒಂದು ಪದವನ್ನೂ ಸೇರಿಸಲಿಲ್ಲ. “ಒಣಗಬೇಕು ಬಿಸಿಲಲ್ಲಿ” ಅನ್ನುವುದನ್ನು ಅವನು “ಬಿಸಿಲಿನಲ್ಲಿ ಒಣಗಿಸಲಾಗುತ್ತದೆ” ಎಂದು ತಿದ್ದಲು ಹೋದ, ಕೈ ಹಿಡಿದೆ. ನಾವು ಮಾತಾಡುವಾಗ ಕ್ರಿಯಾಪದ ಎಷ್ಟೋ ಸಲ ಮೊದಲೇ ಬಂದುಬಿಡುತ್ತದೆ, ಉಳಿದದ್ದು ಬಾಲದಂತೆ ಹಿಂದೆ ಬರುತ್ತದೆ. ಬರೆಯುವಾಗ ಅದು ಕೊನೆಯಲ್ಲಿ ಶಿಸ್ತಾಗಿ ಕೂತುಕೊಳ್ಳುತ್ತದೆ. ಕೇಳುವವರ ಕಿವಿಗೆ ಕಂಠಪಾಠದ ವಾಸನೆ ಹೊಡೆಯುವುದು ಬಹುಮಟ್ಟಿಗೆ ಇಲ್ಲೇ. ಹಾಗೆಂದು ಬೇಕೆಂದೇ “ಅಂ… ಅದೇನಪ್ಪಾ” ಎಂದು ತೊದಲುವುದು ಇನ್ನೂ ಕೆಟ್ಟದ್ದು. ಬಾಯಿಪಾಠದ ತೊದಲು ಎರಡೇ ಸೆಕೆಂಡಿಗೆ ಸಿಕ್ಕಿಬೀಳುತ್ತದೆ.

ಒಂದು ವಾಕ್ಯವಂತೂ ಪೂರ್ತಿ ಹೊರಗೆ ಹೋಯಿತು. ಅರಿಸಿನದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದೂ ಮಾತಿನ ನಡುವೆ ಅಂದಿದ್ದ. 1954ರ ಮಾಂತ್ರಿಕ ಔಷಧಗಳ ಜಾಹೀರಾತು ಕಾಯ್ದೆ ನೆನಪಿಸಿದ ಮೇಲೆ ಅಡುಗೆಮನೆಗೇ ತೃಪ್ತಿಪಟ್ಟುಕೊಂಡ.

ಒಂದು ನಿಮಿಷಕ್ಕೆ ನೂರು ಕನ್ನಡ ಪದ ಸಾಕು. ನಮ್ಮ ಪದಗಳು ಪ್ರತ್ಯಯ ಹೊತ್ತು ಉದ್ದವಾಗಿರುತ್ತವೆ, ಹೆಚ್ಚು ತುರುಕಿದರೆ ಅವನು ಓಡುತ್ತಾನೆ. ಬಾಯಿಗೆ ಬರಬೇಕಾದದ್ದು ಮೊದಲ ವಾಕ್ಯ, ಕೊನೆಯ ವಾಕ್ಯ ಎರಡೇ. ನಡುವೆ ಮೂರು ಗುರುತು: ಐದಕ್ಕೊಂದು, ಬಿಸಿಲು, ಲೋಟ. ಮಸೂರದ ಹಿಂದೆಯೇ ಅವನ ಹೆಂಡತಿಯನ್ನು ಕೂರಿಸಿದೆವು. ಖಾಲಿ ಗಾಜಿಗೆ ಹೇಳುವಾಗ ಎಲ್ಲರೂ ಭಾಷಣಕಾರರೇ. ಹೆಂಡತಿಗೆ ಹೇಳುವಾಗ ಭಾಷಣ ಬಿಗಿಯಲು ಯಾವ ಗಂಡನಿಗೂ ಧೈರ್ಯವಿಲ್ಲ. ಮಾತು ತಪ್ಪಿದರೆ ಮೊದಲಿಂದ ಹೇಳಿಸಲಿಲ್ಲ, ತಪ್ಪಿದ ಕಡೆಯಿಂದಲೇ ಮುಂದುವರಿಸಿದೆವು. ಆ ಜೋಡಣೆಯ ಮೇಲೆ ಹಂಡೆಯಲ್ಲಿ ಅರಿಸಿನ ಕುದಿಯುವ ದೃಶ್ಯ ಹಾಕಿದರೆ ಕತ್ತರಿ ಕಾಣುವುದಿಲ್ಲ. ಡೈರಿ ಕಡೆಗೆ ಹೋಗುವ ಹಾಲಿನ ಟ್ಯಾಂಕರ್ ಸದ್ದಿಗೆ ಮಾತ್ರ ಅಂಗಿಗೆ ಸಿಕ್ಕಿಸುವ ಮೈಕು ಬೇಕಾಯಿತು.

ಲೋಟದಂಥ ಸವಾಲಿನ ಉಪಾಯ ನಾನು ಕಂಡುಹಿಡಿದದ್ದೇನಲ್ಲ. ಲಲಿತಾ ಜ್ಯುವೆಲರಿಯ ಮಾಲೀಕ ಕಿರಣ್ ಕುಮಾರ್ ತಾವೇ ಜಾಹೀರಾತಿನಲ್ಲಿ ನಿಂತು, ನಮ್ಮ ಒಡವೆಯ ಫೋಟೊ ತೆಗೆದುಕೊಳ್ಳಿ, ಬೇರೆ ಅಂಗಡಿಯ ಬೆಲೆ ಜೊತೆ ಹೋಲಿಸಿ ನೋಡಿ ಅನ್ನುತ್ತಾರಲ್ಲ? ಆ ಶೈಲಿಯನ್ನು ಜನ ಅಣಕಿಸಿ ನಕ್ಕರು, ಮಾತನ್ನು ಮರೆಯಲಿಲ್ಲ. ನೋಡುವವನು ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಸವಾಲು ಇದ್ದರೆ ಉಚ್ಚಾರ, ಅಂಗಿ, ಬೆಳಕು ಎಲ್ಲವೂ ಎರಡನೆಯದು. ನಮ್ಮವನ ಸವಾಲು ಲೋಟದಲ್ಲಿತ್ತು. ಅವನು ಉದಾತ್ತ ಧ್ಯೇಯದಲ್ಲಿ ಹುಡುಕುತ್ತಿದ್ದ.

ನಿಮಗೂ ಇಂಥದ್ದೊಂದು ವಿಡಿಯೊ ಆಗಬೇಕಿದ್ದರೆ ಮೊದಲು ನಿಮಗೆ ಸಿಟ್ಟು ಬರಿಸುವ ಒಬ್ಬ ನೆಂಟನನ್ನು ಹುಡುಕಿಕೊಳ್ಳಿ. ಫೋನು ಆನ್ ಆಗಿದೆಯೇ ಎಂದು ಮಾತ್ರ ನೋಡಿಕೊಳ್ಳಿ.