ಹುಳುವಿನ ಸದ್ದೂ ಲ್ಯಾಪ್‌ಟಾಪೂ

ನಮ್ಮ ಸಾದಲಿಯಲ್ಲಿ ಲ್ಯಾಪ್‌ಟಾಪ್ ಕೊಳ್ಳೋದು ಹೋರಿ ಕೊಂಡ ಹಾಗೆ. ಕೊಳ್ಳುವವನು ಒಬ್ಬ, ಹಲ್ಲು ಎಣಿಸೋರು ಹತ್ತು ಜನ. ಅಕ್ಕನ ಮಗನಿಗೆ ಬೆಂಗಳೂರಿನ ಕಂಪನಿಯವರು ಮನೆಯಿಂದಲೇ ಕೆಲಸ ಮಾಡು ಅಂದಮೇಲೆ, ಹಲ್ಲು ಎಣಿಸೋಕೆ ನಾನೂ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ.

ಅವನ ತೊಂದರೆ ಬೇರೆಯವರಿಗೆ ಇರೋಂಥದ್ದಲ್ಲ. ಅವನು ಕೂರುವ ಕೋಣೆಗೂ ರೇಷ್ಮೆ ಹುಳು ಮನೆಗೂ ನಡುವೆ ಇರೋದು ಒಂದೇ ಗೋಡೆ. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ತಿನ್ನೋದು ಕೇಳಿದ್ದೀರಾ? ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ. ಹಳೇ ಲ್ಯಾಪ್‌ಟಾಪಿನಲ್ಲಿ ಮೀಟಿಂಗಿಗೆ ಕೂತಾಗ ಅತ್ತ ಕಡೆಯ ಮೇಡಮ್ಮು, "ನಿಮ್ಮೂರಲ್ಲಿ ಒಂದು ವಾರದಿಂದ ಮಳೆನಾ?" ಅಂದರಂತೆ. ಇಡೀ ಜಿಲ್ಲೆ ಮಳೆಗೆ ಬಾಯಿಬಿಟ್ಟು ಕೂತಿದೆ, ಇವನು "ಹೌದು ಮೇಡಂ" ಅಂದ!

ಅಂಗಡಿಯ ಹುಡುಗ ಮೊದಲು ಹೊಗಳಿದ್ದು ಕ್ಯಾಮೆರಾನ. "ಇದು 720, ಅದು 1080, ನಾಲ್ಕು ಸಾವಿರ ಜಾಸ್ತಿ." ಅಂಗಡಿಯ ಟ್ಯೂಬ್‌ಲೈಟ್ ಸಾಲಿನಡಿ ಎರಡರಲ್ಲೂ ನನ್ನ ಮುಖ ಮದುಮಗನ ಹಾಗೇ ಕಂಡಿತು. ಅಲ್ಲೇ ಇರೋದು ಮೋಸ. ಮೂಲೆಗೆ ಒಯ್ದು, ಅರೆಗತ್ತಲಲ್ಲಿ ಕೈ ಬೀಸಿ ನೋಡಿದೆವು. 1080ರದ್ದರಲ್ಲಿ ಕೂದಲ ತುಂಬ ರಾಗಿ ಚೆಲ್ಲಿದ ಹಾಗೆ ಕಾಳುಕಾಳು, ಬೀಸಿದ ಕೈ ಹೊಗೆಯಾಗಿ ಎಳೀತು. ಚುಕ್ಕೆ ಎಷ್ಟಿದ್ದರೇನು, ಒಳಗಿನ ಸೆನ್ಸರ್ ಚಿಕ್ಕದಾದರೆ ಒಂದೊಂದು ಚುಕ್ಕೆಗೂ ಬೀಳೋ ಬೆಳಕು ಕಡಿಮೆ. ಕತ್ತಲಾದಾಗ ಕ್ಯಾಮೆರಾ ಬೆಳಕು ಕೂಡಿಡೋಕೆ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತೆ, ಅದಕ್ಕೇ ಕೈ ಹೊಗೆಯಾಗೋದು. ಅಲ್ಲದೆ, ನಮ್ಮ ಕಡೆಯ ನೆಟ್ವರ್ಕಿನಲ್ಲಿ ಕಾಲ್ ಮಾಡಿದರೆ ಅತ್ತ ಮುಟ್ಟೋ ಚಿತ್ರ 720ಕ್ಕೂ ಇಳಿದಿರೋದೇ ಹೆಚ್ಚು. ನಾಲ್ಕು ಸಾವಿರ ಉಳೀತು. ಮೇಜನ್ನು ಕಿಟಕಿಗೆ ಮುಖ ಮಾಡಿ ಇಡೋಕೆ ಒಂದು ಪೈಸಾನೂ ಬೇಡ. ಇವನೋ ಇಷ್ಟು ದಿನ ಕಿಟಕಿಗೆ ಬೆನ್ನು ಮಾಡಿ, ಕಾಡುಗಳ್ಳನ ನೆರಳಿನ ಹಾಗೆ ಕೂರುತ್ತಿದ್ದ.

ನಿಜವಾದ ಪರೀಕ್ಷೆ ಮೈಕಿನದು. ಹುಳು ತಿನ್ನೋ ಸದ್ದನ್ನ ಫೋನಿನಲ್ಲಿ ಹಿಡ್ಕೊಂಡು ಬಂದಿದ್ದೆ. ಅದನ್ನು ಲ್ಯಾಪ್‌ಟಾಪಿನಿಂದ ಮಾರುದೂರ ಇಟ್ಟು ಹಾಕಿದೆ. ಹುಡುಗ, "ಏನ್ ಸಾರ್, ಏನೋ ಕರೀತಾ ಇದೆಯಲ್ಲ" ಅಂದ. ಅಕ್ಕನ ಮಗ ಮೊಳದೂರ ಕೂತು ಅರ್ಧ ನಿಮಿಷ ಮಾತಾಡಿ ರೆಕಾರ್ಡ್ ಮಾಡಿದ. ಕೇಳಿದ್ದು ಮಾತ್ರ ನಮ್ಮದೇ ಇಯರ್‌ಫೋನಿನಲ್ಲಿ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲೇ ಕೇಳಿದರೆ ಕಳ್ಳನ ಸಾಕ್ಷಿ ಕಳ್ಳನೇ ಹೇಳಿದ ಹಾಗೆ.

720ರವೇ ಎರಡನ್ನು ಹೀಗೆ ನೋಡಿದೆವು. ಮೊದಲನೆಯದರಲ್ಲಿ ಮಳೆ ಪೂರ್ತಿ ನಿಂತಿತ್ತು. ಆದರೆ ಇವನ "ಸರ್" ಹೋಗಿ "ಅರ್" ಆಗಿತ್ತು. ಒಂದೇ ಸಮ ಬರೋ ಸದ್ದನ್ನ ಸಾಫ್ಟ್‌ವೇರ್ ಗುರುತು ಹಿಡಿದು ಒರೆಸುತ್ತೆ. ಹುಳುವಿನ ಸದ್ದೂ ನಮ್ಮ ಸಕಾರವೂ ಒಂದೇ ಜಾತಿಯ ಸೀತ್ಕಾರ, ಒಟ್ಟಿಗೇ ಗುಡಿಸಿ ಹಾಕಿತ್ತು. ಕುಕ್ಕರ್ ಸೀಟಿ, ಹುಂಜದ ಕೂಗು ಹಠಾತ್ತನೆ ಬರೋವು, ಅವನ್ನ ಹಿಡಿಯೋ ಹೊತ್ತಿಗೆ ಬಹಳ ಸಲ ಕೂಗಿ ಮುಗಿದಿರುತ್ತೆ. ಎರಡನೆಯದರಲ್ಲಿ ಎರಡು ಮೈಕು, ಕ್ಯಾಮೆರಾದ ಅಕ್ಕಪಕ್ಕ. ಮಳೆ ತುಸು ಕೇಳಿಸಿತು, "ಸರ್" ಉಳೀತು. ಅದೇ ಇರಲಿ ಅಂದೆ.

"ಇನ್ನೇನು ಬಿಲ್ ಹಾಕ್ಲಾ?" ಅಂದ ಹುಡುಗ. "ತಡಿಯಪ್ಪ" ಅಂದೆ. ಹತ್ತು ವಿಡಿಯೋ ಒಟ್ಟಿಗೆ ಓಡಿಸಿ, ಟೀ ಕುಡಿದು ಬಂದು ಮತ್ತೆ ರೆಕಾರ್ಡ್ ಮಾಡಿದೆವು. ಒಂದಷ್ಟು ಹೊತ್ತು ದುಡಿದಮೇಲಷ್ಟೇ ಲ್ಯಾಪ್‌ಟಾಪಿನ ಒಳಗಿನ ಫ್ಯಾನು ಬುಸುಗುಡೋದು, ಎರಡು ನಿಮಿಷದ ಅಂಗಡಿ ಪರೀಕ್ಷೆಗೆ ಅದು ಸಿಗಲ್ಲ. ಮೈಕು ಫ್ಯಾನಿನ ಪಕ್ಕ ಇದ್ದರೆ ಹೊರಗಿನ ಹುಳುವಿನ ಜೊತೆ ಒಳಗಿನ ಹುಳುವೂ ಸೇರ್ಕೊಳ್ಳುತ್ತೆ. ಇದರಲ್ಲಿ ಸೇರಲಿಲ್ಲ.

ಸ್ಪೀಕರಿಗೆ ಹುಡುಗ ಸಿನಿಮಾ ಹಾಡು ಹಾಕಿದ. ಹಾಡಿಗೆ ತಬಲಾ ಕೇಳಿಸಿದರೆ ಸಾಕು, ಮೀಟಿಂಗಿಗೆ ಅಷ್ಟು ಸಾಕಾಗಲ್ಲ. ಕನ್ನಡ ವಾರ್ತೆ ಹಾಕಿಸಿದೆ, ಅದೂ ಪೂರ್ತಿ ದನಿಯಲ್ಲಿ. ಹದಿಮೂರೋ ಹದಿನಾರೋ ಗೊತ್ತಾಗಬೇಕು, ಮೈ ಗಡಗಡ ಅನ್ನಬಾರದು. ಇದರ ಸ್ಪೀಕರು ಹೊಟ್ಟೆ ಕೆಳಗೆ, ಹಾಸಿಗೆ ಮೇಲಿಟ್ಟರೆ ಕಂಬಳಿ ಹೊದ್ಕೊಂಡು ಮಾತಾಡಿದ ಹಾಗಾಗುತ್ತೆ. "ಮಾವ, ನಾನು ಮೇಜಿನ ಮೇಲೇ ಇಡೋದು" ಅಂತ ಆಣೆ ಮಾಡಿದಮೇಲೆ ದುಡ್ಡು ಕೊಟ್ಟೆವು.

ಜೊತೆಗೆ ಮೈಕಿರೋ ಒಂದು ತಂತಿ ಇಯರ್‌ಫೋನನ್ನೂ ತೆಗೆದುಕೊಂಡೆವು. ಬಾಯಿಂದ ಗೇಣು ದೂರದ ಮೈಕಿಗೆ, ಮೊಳದೂರದ ಮೈಕಿಗಿಂತ ಮಾತು ದುಪ್ಪಟ್ಟು ಜೋರಾಗಿ ಬೀಳುತ್ತೆ, ಹುಳುವಿನ ಸದ್ದು ಮಾತ್ರ ಅಷ್ಟೇ ಇರುತ್ತೆ. ಮೊನ್ನೆ ಹುಳು ನಾಲ್ಕನೇ ಜ್ವರ ಎದ್ದಿತು. ಅವನ ಮೇಡಮ್ಮಿಗೆ ನನ್ನದೊಂದು ಬಿನ್ನಹ: ಈ ವಾರ ಕಾಲ್ ಮಾಡೋದಿದ್ದರೆ ಸೊಪ್ಪು ಹಾಕೋಕೆ ಮುಂಚೆ ಮಾಡಿ.