ನಡುಮನೆಯಲ್ಲಿ ತೇಲುವ ಪಂಚಾಂಗ

ನಮ್ಮ ನಡುಮನೆ ಒಂದು ನಿಮಿಷವಾದರೂ ಅಲುಗದೆ ಇದ್ದದ್ದನ್ನು ನಾನು ಕಂಡವನಲ್ಲ. ಫ್ಯಾನು ತಿರುಗುತ್ತದೆ, ಪರದೆ ಉಬ್ಬುತ್ತದೆ, ಕ್ಯಾಲೆಂಡರು ಗೋಡೆಗೆ ಪಟಪಟ ಬಡಿಯುತ್ತದೆ, ಬೆಕ್ಕು ಯಾರ ಅಪ್ಪಣೆಯೂ ಇಲ್ಲದೆ ಹಾದುಹೋಗುತ್ತದೆ. ಇಷ್ಟೆಲ್ಲ ನನ್ನ ಕಣ್ಣಿಗೆ ಬಿದ್ದದ್ದು ಅಕ್ಕನ ಮಗ ಪುಟ್ಟ, ಫೋನಿನಲ್ಲೊಂದು ಕಿರುಚಿತ್ರ ತೆಗೆಯುತ್ತೇನೆಂದು ಹೊರಟ ಮೇಲೆಯೇ. ಕಥೆ ಮೂರು ಸಾಲಿನದು: ಅಜ್ಜಿ, ಅಂದರೆ ನನ್ನ ಅಮ್ಮ, ಏನನ್ನೋ ಹುಡುಕುತ್ತಾಳೆ; ಅದು ಕಪಾಟಿನಿಂದ ತಾನೇ ತೇಲಿಕೊಂಡು ಬರುತ್ತದೆ; ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು, ಏನೂ ಆಗದವಳಂತೆ ತನ್ನ ಕೆಲಸ ಮುಂದುವರಿಸುತ್ತಾಳೆ. ತೇಲುವುದು ಒಂದೇ ಒಂದು ವಸ್ತು. ಆದರೆ ಅದು ತೇಲಬೇಕಾದರೆ ಮನೆಯ ಮಿಕ್ಕ ಸಾಮಾನೆಲ್ಲ ಉಸಿರು ಬಿಗಿಹಿಡಿದು ಕೂರಬೇಕು.

ತೇಲುವ ವಸ್ತು ಯಾವುದಿರಬೇಕೆಂಬುದೇ ಮೊದಲ ಚರ್ಚೆ. ಪುಟ್ಟನಿಗೆ ಕಾಫಿ ಲೋಟದ ಮೇಲೆ ಮನಸ್ಸು. ಆದರೆ ಸ್ಟೀಲ್ ಲೋಟ ಚಾಡಿಕೋರ. ಹಿಡಿದ ಕೈ, ಫೋನು, ಟ್ರೈಪಾಡು ಎಲ್ಲವನ್ನೂ ಹೊಟ್ಟೆಯ ಮೇಲೆ ತೋರಿಸಿಬಿಡುತ್ತದೆ. ತೆಂಗಿನಕಾಯಿ ಆಗಬಹುದೆಂದರೆ ಅದಕ್ಕೆ ಜುಟ್ಟು. ಅದರ ಒಂದೊಂದು ನಾರಿನ ಅಂಚನ್ನೂ ಬಿಡಿಸಿ ಕತ್ತರಿಸುವುದು ಯಾರಿಂದ ಸಾಧ್ಯ? ಹೊಳಪಿಲ್ಲದ, ಅಂಚು ನೇರವಾಗಿರುವ, ಗೋಡೆಯ ಬಣ್ಣದಲ್ಲಿ ಕರಗಿಹೋಗದ ವಸ್ತು ಬೇಕಿತ್ತು. ಅಮ್ಮನ ಪಂಚಾಂಗ ಈ ಮೂರರಲ್ಲೂ ಪಾಸಾಯಿತು. ಹಾಳೆಗಳು ಒಂದಿಷ್ಟು ಅಲುಗಾಡಿದರೂ ತೇಲುವುದಕ್ಕೆ ಅದೊಂದು ಶೋಭೆಯೇ.

ಉಪಾಯ ಸಿನಿಮಾದಷ್ಟೇ ಹಳೆಯದು. ಫ್ರಾನ್ಸಿನ ಜಾರ್ಜ್ ಮೆಲಿಯೆ 1898ರಲ್ಲೇ ತನ್ನ ತಲೆಯನ್ನು ಕಿತ್ತು ಮೇಜಿನ ಮೇಲಿಟ್ಟು, ಕಿತ್ತಷ್ಟೂ ಹೊಸ ತಲೆ ಮೂಡಿಸಿಕೊಂಡು ತೋರಿಸಿದ್ದ. ಫಿಲ್ಮನ್ನು ಹಿಂದಕ್ಕೆ ಸುತ್ತಿ ಅದರ ಮೇಲೇ ಮತ್ತೆ ಚಿತ್ರಿಸುತ್ತಿದ್ದ ಕಾಲ ಅದು. 1957ರ 'ಮಾಯಾಬಜಾರ್'ನಲ್ಲಿ ಲಡ್ಡುಗಳು ತಾವಾಗಿಯೇ ಹಾರಿ ಘಟೋತ್ಕಚನ ಬಾಯಿ ಸೇರುವುದನ್ನು ಅಮ್ಮ ಇಂದಿಗೂ ವರ್ಣಿಸುತ್ತಾಳೆ. ಅದರ ಕ್ಯಾಮೆರಾ ಹಿಡಿದವರು ಮಾರ್ಕಸ್ ಬಾರ್ಟ್ಲಿ. ಈಗ ಫಿಲ್ಮ್ ಸುತ್ತುವ ಕೆಲಸವಿಲ್ಲ. ಕ್ಯಾಮೆರಾ ಕದಲದಂತೆ ನಿಲ್ಲಿಸಿ, ಮೊದಲು ಖಾಲಿ ಕೋಣೆಯನ್ನು ಹತ್ತು ಸೆಕೆಂಡ್ ತೆಗೆಯುವುದು. ಆಮೇಲೆ ಕೋಲಿನ ತುದಿಗೆ ಪಂಚಾಂಗ ಸಿಕ್ಕಿಸಿಕೊಂಡು ಪುಟ್ಟ ನಡೆದುಬರುವುದನ್ನು ತೆಗೆಯುವುದು. ಎಡಿಟಿಂಗ್ ಆ್ಯಪ್‌ನಲ್ಲಿ ಖಾಲಿ ಕೋಣೆಯನ್ನು ಕೆಳಗಿಟ್ಟು, ನಡೆದದ್ದನ್ನು ಮೇಲಿಟ್ಟು, ಮೇಲಿನದರಲ್ಲಿ ಪುಟ್ಟನಿರುವ ಭಾಗವನ್ನು ಮಾಸ್ಕ್ ಹಾಕಿ ತೆಗೆದುಬಿಟ್ಟರೆ ಅಲ್ಲಿ ಕೆಳಗಿನ ಖಾಲಿ ಗೋಡೆ ಕಾಣುತ್ತದೆ. ಪುಟ್ಟ ಮಾಯ, ಪಂಚಾಂಗ ಮಾತ್ರ ಉಳಿಯುತ್ತದೆ.

ಎರಡೂ ಚಿತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು ಎಂಬಲ್ಲಿ ಗೃಹಶಾಂತಿ ಕದಡುತ್ತದೆ. ಫ್ಯಾನು ಆಫ್. ಕ್ಯಾಲೆಂಡರಿಗೆ ಹಿಂದಿನಿಂದ ಟೇಪು. ಪರದೆಗೆ ಪಿನ್ನು. ಬೆಕ್ಕು ಹಿತ್ತಿಲಿಗೆ. ರೆಕಾರ್ಡ್ ಒತ್ತಿದ ಮೇಲೆ ಫೋನನ್ನು ಯಾರೂ ಮುಟ್ಟಕೂಡದು; ಖಾಲಿ ಕೋಣೆ, ನಡಿಗೆ ಎರಡೂ ಒಂದೇ ಓಟದಲ್ಲಿ ಬರಬೇಕು. ಬೆರಳು ತಾಗಿದರೆ ಸಾಕು, ಬಾಗಿಲ ಚೌಕಟ್ಟು ಮಧ್ಯದಲ್ಲಿ ಮುರಿದಂತೆ ಕಾಣುತ್ತದೆ.

ಮನೆಯವರು ಸುಮ್ಮನಿದ್ದರೂ ಫೋನು ಸುಮ್ಮನಿರುವ ಜಾತಿಯದಲ್ಲ. ಕಪ್ಪು ಶರ್ಟಿನವನೊಬ್ಬ ಚೌಕಟ್ಟಿನೊಳಗೆ ಬಂದರೆ, ಕತ್ತಲಾಯಿತೆಂದುಕೊಂಡು ಇಡೀ ಕೋಣೆಯನ್ನು ಬೆಳ್ಳಗೆ ಮಾಡುತ್ತದೆ. ಆಗ ಖಾಲಿ ಗೋಡೆಯ ಬಣ್ಣವೇ ಬೇರೆ, ಈ ಗೋಡೆಯ ಬಣ್ಣವೇ ಬೇರೆ. ನಡುವೆ ಅಡ್ಡಗೆರೆ ಎದ್ದು ಕಾಣುತ್ತದೆ. ಅದಕ್ಕೇ ಫೋನಿನ ಪರದೆಯ ಮೇಲೆ ಬೆರಳೊತ್ತಿ ಹಿಡಿದು ಬೆಳಕನ್ನೂ ಫೋಕಸ್ಸನ್ನೂ ಲಾಕ್ ಮಾಡಬೇಕು. ಐಫೋನಿನಲ್ಲಾದರೆ AE/AF LOCK ಎಂದು ಬರುತ್ತದೆ, ಬೇರೆ ಹಲವು ಫೋನುಗಳಲ್ಲಿ ಪ್ರೊ ಮೋಡ್‌ಗೆ ಹೋಗಬೇಕು. ಟ್ಯೂಬ್‌ಲೈಟಿನದು ಇನ್ನೊಂದು ಕಥೆ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಅದರಲ್ಲಿ ಉರಿಯುವ ಹಳೆಯ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗದ್ದು ಕ್ಯಾಮೆರಾಕ್ಕೆ ಗೊತ್ತಾಗಿ ಗೋಡೆಯ ಮೇಲೆ ಪಟ್ಟೆ ಪಟ್ಟೆಯಾಗಿ ಹರಿಯುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಎಂದಿಟ್ಟರೆ ಆ ಕಾಟ ತಪ್ಪುತ್ತದೆ. ದೀಪವನ್ನೇ ಆರಿಸಿ ಕಿಟಕಿಯ ಬೆಳಕಿನಲ್ಲಿ ತೆಗೆದರೆ ಇನ್ನೂ ನೆಮ್ಮದಿ.

ನನಗೆ ಬಹಳ ಹಿಡಿಸಿದ್ದು ಎಡಬಲದ ಲೆಕ್ಕಾಚಾರ. ಕಪಾಟು ಎಡಕ್ಕೆ, ಅಮ್ಮ ಬಲಕ್ಕೆ. ಪುಟ್ಟ ಯಾವಾಗಲೂ ಪಂಚಾಂಗದ ಎಡಗಡೆಯೇ ಉಳಿದು ಅದನ್ನು ಬಲಕ್ಕೆ ತಳ್ಳುತ್ತ ಬರುತ್ತಾನೆ. ಹಾಗಾದಾಗ ಅವನ ಸುತ್ತ ಅಂಕುಡೊಂಕು ಮಾಸ್ಕ್ ಬಿಡಿಸುವ ಗೋಳಿಲ್ಲ. ಪಂಚಾಂಗದ ಎಡ ಅಂಚಿಗೆ ಒಂದು ನೇರ ಗೆರೆ, ಗೆರೆಯ ಎಡಕ್ಕಿರುವುದೆಲ್ಲ ಖಾಲಿ ಕೋಣೆಯದು. ಪಂಚಾಂಗ ಮುಂದೆ ಬಂದಂತೆ ಗೆರೆಯೂ ಬರುತ್ತದೆ. ಮೂರು ಸೆಕೆಂಡಿನ ತೇಲಾಟವೆಂದರೆ 75 ಫ್ರೇಮ್. ಐದಾರು ಫ್ರೇಮಿಗೊಮ್ಮೆ ಗುರುತಿಟ್ಟರೆ ನಡುವಿನದನ್ನು ಆ್ಯಪ್ ತಾನೇ ತುಂಬಿಕೊಳ್ಳುತ್ತದೆ. ಕೋಲು ದುಂಡಗಿದ್ದರೆ ಪುಸ್ತಕ ಗಿರಕಿ ಹೊಡೆಯುವುದರಿಂದ ಚಪ್ಪಟೆ ಅಡಿಪಟ್ಟಿಯನ್ನು ಬೆನ್ನಿಗೆ ಅಂಟಿಸುವುದೆಂದಾಯಿತು. ಕೋಲು ಉದ್ದವಾದಷ್ಟೂ ಕೈನಡುಕ ತುದಿಯಲ್ಲಿ ದೊಡ್ಡದಾಗುತ್ತದೆ, ಹಾಗಾಗಿ ಒಂದು ಮೊಳಕ್ಕಿಂತ ಹೆಚ್ಚು ಬೇಡ. ಪುಟ್ಟನ ಮೆಚ್ಚಿನ ಕೆಂಪು ಟೀ ಶರ್ಟಿಗೂ ನಿಷೇಧ ಬಿತ್ತು. ಅವನನ್ನು ಅಳಿಸಬಹುದು, ಪಂಚಾಂಗದ ಮೇಲೆ ಬಿದ್ದ ಅವನ ಕೆಂಪು ಛಾಯೆಯನ್ನು ಅಳಿಸುವುದು ಕಷ್ಟ.

ನೆರಳು ಮಾತ್ರ ಪೂರ್ತಿ ಬಗ್ಗಲಿಲ್ಲ. ಕಿಟಕಿ ಬಲಕ್ಕಿರುವುದರಿಂದ ಪುಟ್ಟನ ನೆರಳು ಎಡಕ್ಕೆ ಬಿದ್ದು ಅವನ ಜೊತೆಗೇ ಅಳಿಯುತ್ತದೆ, ಸರಿ. ಆದರೆ ಪಂಚಾಂಗದ ನೆರಳೂ ಎಡಕ್ಕೇ ಬಿದ್ದು ಅಳಿದುಹೋಗುತ್ತದೆ. ನೆಲ ಕಂಡರೆ, ನೆರಳಿಲ್ಲದ ಪುಸ್ತಕ ಅಂಟಿಸಿದ ಸ್ಟಿಕ್ಕರಿನಂತಿರುತ್ತದೆ. ಹಾಗಾಗಿ ನೆಲ ಕಾಣದಂತೆ ಸೊಂಟದಿಂದ ಮೇಲಕ್ಕಷ್ಟೇ ಚೌಕಟ್ಟು, ನಡಿಗೆ ಗೋಡೆಯಿಂದ ಆರಡಿ ಈಚೆಗೆ. ಇಲ್ಲದ ನೆರಳನ್ನು ಆಗ ಯಾರೂ ಕೇಳುವುದಿಲ್ಲ.

"ಕೊನೆಗೆ ಅಜ್ಜಿ ಹಿಡ್ಕೊಳ್ಳೋವಾಗ ಕೈ ಅಡ್ಡ ಬರುತ್ತಲ್ಲ ಮಾಮ?" ಎಂದ ಪುಟ್ಟ. ಗೆರೆಯ ಮೇಲೆ ಕೈ ಬಂದರೆ ಬೆರಳು ತುಂಡಾಗುತ್ತದೆ, ನಿಜ. ಅಲ್ಲಿ ಮಾಯೆಯನ್ನು ಬಿಟ್ಟು ಕತ್ತರಿ ಹಿಡಿಯಬೇಕು. ಪಂಚಾಂಗ ಅಮ್ಮನಿಂದ ಎರಡಡಿ ದೂರವಿರುವಾಗಲೇ ಶಾಟ್ ಮುಗಿಸಿ, ಮುಂದಿನದರಲ್ಲಿ ಬರೀ ಅಂಗೈ ತೋರಿಸಿ, ಚೌಕಟ್ಟಿನ ಹೊರಗಿನಿಂದ ಪುಟ್ಟ ಅದನ್ನು ಮೆಲ್ಲಗೆ ಇಳಿಸಿದರಾಯಿತು. ಅಮ್ಮನ ಕಣ್ಣು ಸರಿಯಾದ ಕಡೆ ತಿರುಗಲು ಪೊರಕೆಯ ತುದಿ ಹಿಡಿದು ಎದುರಿಗೆ ನಡೆಯುವ ಕೆಲಸ ನನಗೆ. ಕಪಾಟಿನಿಂದ ಜಾರುವುದಕ್ಕೆ ಗೋಡೆಬಣ್ಣದ ದಾರ ಸಾಕು. ಹೀಗೆ ಎಣಿಸುತ್ತ ಹೋದರೆ, ಹುಡುಕುವುದು, ಜಾರುವುದು, ತೇಲುವುದು, ನೋಡುವುದು, ಸೇರುವುದು ಎಂಬ ಐದು ಶಾಟುಗಳಲ್ಲಿ ನಿಜವಾದ ಮಾಯೆ ಬೇಕಾದದ್ದು ಒಂದಕ್ಕೇ.

ಇನ್ನು ಉಳಿದದ್ದು ಮುಹೂರ್ತ. ಮೋಡ ಹಾದುಹೋದರೆ ಎರಡು ಚಿತ್ರಗಳ ಬೆಳಕು ಕೂಡುವುದಿಲ್ಲ, ಇಳಿಹೊತ್ತಿನಲ್ಲಂತೂ ಬೆಳಕು ನೋಡನೋಡುತ್ತಲೇ ಬದಲಾಗುತ್ತದೆ. ಭಾನುವಾರ ಮಧ್ಯಾಹ್ನ ಬೇಗ ಶುರುಮಾಡಿ ನಾಲ್ಕರೊಳಗೆ ತೇಲುವ ಶಾಟ್ ಮುಗಿಯಬೇಕೆಂದು ನಾನು ಬೆಳಕಿನ ಶಾಸ್ತ್ರ ಹೇಳಿದೆ. ಅಮ್ಮ ಕಥಾನಾಯಕನನ್ನೇ ಕೈಗೆತ್ತಿಕೊಂಡು ಕನ್ನಡಕ ಏರಿಸಿ, "ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು. ನಾಲ್ಕರೊಳಗೆ ಮುಗಿಸದೆ ಇನ್ನೇನು ಮಾಡ್ತೀರಿ?" ಎಂದಳು. ಪುಟ್ಟ ಎರಡು ಕಾರಣಗಳನ್ನೂ ಶೂಟಿಂಗ್ ಪಟ್ಟಿಯಲ್ಲಿ ಬರೆದುಕೊಂಡ.